2 ಗಂಟೆ 8 ನಿಮಿಷ: ಕಳೆದುಹೋದ ಚಂದ್ರಯಾನ-1 ಮತ್ತೆ ಸಿಕ್ಕ ಲೆಕ್ಕ

2016ರ ಜುಲೈ 2. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿರುವ 70 ಮೀಟರ್ ಅಗಲದ ಆಂಟೆನಾವನ್ನು ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರು ಚಂದ್ರನ ಉತ್ತರ ಧ್ರುವದ ಕಡೆ ತಿರುಗಿಸಿದರು. ಧ್ರುವದ ನೆಲಕ್ಕಲ್ಲ, ನೆಲದಿಂದ ಸುಮಾರು 160 ಕಿ.ಮೀ. ಮೇಲಿನ ಖಾಲಿ ಜಾಗಕ್ಕೆ. ಅಲ್ಲಿಗೆ ಮೈಕ್ರೋವೇವ್ ಕಿರಣ ಬಿಟ್ಟರು. ಏನಾದರೂ ಅಡ್ಡ ಬಂದರೆ ಅದಕ್ಕೆ ತಾಗಿ ವಾಪಸ್ ಬರುವ ಸಣ್ಣ ಸದ್ದನ್ನು ಹಿಡಿಯಲು ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್‌ನಲ್ಲಿ 100 ಮೀಟರ್ ಅಗಲದ ಇನ್ನೊಂದು ಆಂಟೆನಾ ಕಾಯುತ್ತಿತ್ತು.

ಹುಡುಕುತ್ತಿದ್ದದ್ದು ನಮ್ಮ ಚಂದ್ರಯಾನ-1 ಅನ್ನು. ಹೆಚ್ಚುಕಡಿಮೆ ಒಂದೂವರೆ ಮೀಟರ್ ಉದ್ದಗಲದ ಪೆಟ್ಟಿಗೆ ಅದು. ಒಂದು ಸಣ್ಣ ಕಾರಿಗಿಂತಲೂ ಚಿಕ್ಕದು. ಇರುವುದು ಸುಮಾರು 3.8 ಲಕ್ಷ ಕಿ.ಮೀ. ದೂರದಲ್ಲಿ. 2009ರ ಆಗಸ್ಟ್ 29ರಿಂದ ಅದರಿಂದ ಒಂದು ಮಾತೂ ಬಂದಿರಲಿಲ್ಲ. ಸುಮಾರು ಏಳು ವರ್ಷ ಯಾರೂ ಅದನ್ನು ನೋಡಿರಲಿಲ್ಲ.

ಆದರೂ ಹುಡುಕುವವರ ಕೈಯಲ್ಲಿ ಒಂದು ಗಟ್ಟಿ ಸಂಖ್ಯೆ ಇತ್ತು: 2 ಗಂಟೆ 8 ನಿಮಿಷ. ಆ ನೌಕೆ ಇನ್ನೂ ಚಂದ್ರನನ್ನು ಸುತ್ತುತ್ತಿದ್ದರೆ ಒಂದು ಸುತ್ತಿಗೆ ಇಷ್ಟು ಹೊತ್ತು ಬೇಕು ಎನ್ನುವುದು ಅವರ ಲೆಕ್ಕ. ನಾಲ್ಕು ಗಂಟೆಯ ವೀಕ್ಷಣೆಯಲ್ಲಿ ಪುಟ್ಟ ನೌಕೆಯಂಥ ಏನೋ ಒಂದು ಎರಡು ಸಲ ಕಿರಣಕ್ಕೆ ಅಡ್ಡ ಬಂತು. ಎರಡರ ನಡುವಿನ ಅಂತರ ಒಂದು ಸುತ್ತಿನ ಸಮಯಕ್ಕೆ ಸರಿಹೊಂದಿತು.

ನಾನು ಪ್ರಥಮ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಗುರುತ್ವದ ಪಾಠ ಬಂದಾಗಲೆಲ್ಲ ಈ ಒಂದು ನೌಕೆಯನ್ನೇ ಹಿಡಿದುಕೊಂಡು ಹೋಗುತ್ತೇನೆ. ಕಕ್ಷಾ ವೇಗ, ಸುತ್ತಿನ ಅವಧಿ, ವಿಮೋಚನಾ ವೇಗ, ಮೂರೂ ಇದರ ಕಥೆಯಲ್ಲಿ ತಂತಮ್ಮ ಜಾಗದಲ್ಲಿ ಬರುತ್ತವೆ. ಒಂದು ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು, ಎಲ್ಲವನ್ನೂ ನಾವೇ ತಾಳೆ ನೋಡಬಹುದು.

ಬೇಕಾದದ್ದು ಎರಡೇ ಸಂಖ್ಯೆ

ಉಪಗ್ರಹ ಎಷ್ಟು ಭಾರ ಇದೆ ಅನ್ನೋದು ಇಲ್ಲಿ ಬೇಕಾಗುವುದೇ ಇಲ್ಲ. ಅದು ಯಾವುದರ ಸುತ್ತ ತಿರುಗುತ್ತಿದೆ, ಆ ಕಾಯದ ಎಳೆತ ಎಷ್ಟು, ಅದರ ತ್ರಿಜ್ಯ ಎಷ್ಟು, ಇಷ್ಟು ಗೊತ್ತಿದ್ದರೆ ಆಯಿತು. ಚಂದ್ರನಿಗೆ:

```
GM = 4902.8 km³/s²
R  = 1737.4 km
```

ಇಲ್ಲಿ ಗುರುತ್ವ ಸ್ಥಿರಾಂಕ G ಮತ್ತು ಚಂದ್ರನ ದ್ರವ್ಯರಾಶಿ M ಎರಡನ್ನೂ ಬೇರೆ ಬೇರೆ ಬರೆಯದೆ ಗುಣಲಬ್ಧವನ್ನೇ ಕೊಟ್ಟಿದ್ದೇನೆ. ಅದಕ್ಕೆ ಕಾರಣ ಇದೆ. G ಬೆಲೆಯನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಬಹಳ ಕಷ್ಟ. ನಾಲ್ಕೈದು ಅಂಕಿಗಳಾಚೆ ಅದರ ಮೇಲೆ ಭರವಸೆ ಇಡಲಾಗದು. ಆದರೆ GM ಅನ್ನು ನೌಕೆಗಳ ಓಡಾಟ ನೋಡಿಯೇ ನೇರವಾಗಿ ಪಡೆಯುತ್ತಾರೆ. ಅದು ಎಷ್ಟೋ ಪಾಲು ಹೆಚ್ಚು ನಿಖರವಾಗಿ ಗೊತ್ತಿದೆ. ಕಕ್ಷೆಯ ಲೆಕ್ಕ ಮಾಡುವವರು ಚಂದ್ರನ ತೂಕದ ಗೊಡವೆಗೇ ಹೋಗುವುದಿಲ್ಲ.

ಇನ್ನು ಎತ್ತರ. ಸುದ್ದಿಯಲ್ಲಿ ಬರುವುದು ನೆಲದಿಂದ ಅಳೆದ ಎತ್ತರ, h. ಸೂತ್ರಕ್ಕೆ ಬೇಕಾದದ್ದು ಚಂದ್ರನ ನಡುಬಿಂದುವಿನಿಂದ ಅಳೆದ ದೂರ, r. ಅಂದರೆ r = R + h. ನಾನು ತಿದ್ದುವ ಉತ್ತರ ಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. R ಕೂಡಿಸುವುದನ್ನು ಮರೆತು ಬರೀ 100 ಹಾಕಿಬಿಡುತ್ತಾರೆ. ಆಗ ಚಂದ್ರನ ಸುತ್ತ ವೇಗ ಸೆಕೆಂಡಿಗೆ 7 ಕಿ.ಮೀ. ಬರುತ್ತದೆ. ಅಷ್ಟು ವೇಗ ಇದ್ದರೆ ಚಂದ್ರನ ಹತ್ತಿರ ಯಾವುದೂ ನಿಲ್ಲದು. ಯಾಕೆ ಅಂತ ಮುಂದೆ ನೋಡೋಣ.

ಒಂದು ಸೆಕೆಂಡಿನಲ್ಲಿ ಏನಾಗುತ್ತದೆ

2008ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಹಾರಿದ ಚಂದ್ರಯಾನ-1, ನವೆಂಬರ್ 12ರಂದು ಚಂದ್ರನ ಮೇಲೆ 100 ಕಿ.ಮೀ. ಎತ್ತರದ ವೃತ್ತಾಕಾರದ ಕಕ್ಷೆಗೆ ಬಂತು. ಕಕ್ಷೆ ಎರಡೂ ಧ್ರುವಗಳ ಮೇಲೆ ಹಾದುಹೋಗುವಂಥದ್ದು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಕೆಲಸಕ್ಕೆ ಬರುತ್ತದೆ.

ಆ ಎತ್ತರದಲ್ಲಿ r = 1837.4 ಕಿ.ಮೀ. ಅಲ್ಲಿ ಚಂದ್ರನ ಎಳೆತ GM/r², ಅಂದರೆ ಸೆಕೆಂಡಿಗೆ ಸೆಕೆಂಡಿಗೆ 1.452 ಮೀಟರ್. ಅಲ್ಲೊಂದು ಕಲ್ಲನ್ನು ಸುಮ್ನೆ ಕೈಬಿಟ್ಟರೆ ಮೊದಲ ಸೆಕೆಂಡಿನಲ್ಲಿ ಅದರ ಅರ್ಧ, ಅಂದರೆ 72.6 ಸೆಂ.ಮೀ. ಬೀಳುತ್ತದೆ. ಒಂದೂವರೆ ಮೊಳಕ್ಕಿಂತ ತುಸು ಜಾಸ್ತಿ.

ಈಗ ಅದೇ ಕಲ್ಲನ್ನು ಅಡ್ಡಡ್ಡ ಎಸೆಯಿರಿ. ಬೀಳುವುದು ಆಗಲೂ 72.6 ಸೆಂ.ಮೀ.ಯೇ. ಆದರೆ ಕೆಳಗಿರುವುದು ಚಪ್ಪಟೆ ನೆಲವಲ್ಲ, ಚೆಂಡು. ಕಲ್ಲು ನೇರ ಮುಂದೆ ಹೋದಷ್ಟೂ ಚೆಂಡಿನ ಮೈ ಅದರಿಂದ ಕೆಳಕ್ಕೆ ಜಾರುತ್ತದೆ. ಸೆಕೆಂಡಿಗೆ 1633.5 ಮೀಟರ್ ವೇಗದಲ್ಲಿ ಎಸೆದಿದ್ದರೆ ಆ ಒಂದು ಸೆಕೆಂಡಿನಲ್ಲಿ ಬಾಗು ಎಷ್ಟು ಜಾರಿರುತ್ತದೆ? 1633.5ರ ವರ್ಗವನ್ನು r ನ ಎರಡರಷ್ಟರಿಂದ, ಅಂದರೆ 36,74,800 ಮೀಟರ್‌ನಿಂದ ಭಾಗಿಸಿ. 0.726 ಮೀಟರ್. ಕಲ್ಲು ಬಿದ್ದದ್ದೂ ಅಷ್ಟೇ, ಕಕ್ಷೆಯ ಬಾಗು ಕೆಳಗಿಳಿದದ್ದೂ ಅಷ್ಟೇ. ಹಾಗಾಗಿ ಎತ್ತರ ಬದಲಾಗಲಿಲ್ಲ. ಮುಂದಿನ ಸೆಕೆಂಡಿನಲ್ಲೂ ಇದೇ ಕಥೆ.

ಕಕ್ಷೆ ಅಂದರೆ ಇಷ್ಟೇ. ಬೀಳುತ್ತಲೇ ಇರುವುದು, ಆದರೆ ನೆಲ ಸಿಗದೇ ಇರುವುದು. ಮಕ್ಕಳಿಗೆ ಈ 72.6 ಸೆಂ.ಮೀ. ಅನ್ನು ಬೋರ್ಡಿನ ಮೇಲೆ ಸ್ಕೇಲಿನಲ್ಲಿ ಅಳೆದು ತೋರಿಸುತ್ತೇನೆ. ಅದಾದ ಮೇಲೆ ಸೂತ್ರವನ್ನು ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ. ಬಿದ್ದ ದೂರ ಮತ್ತು ಬಾಗಿದ ದೂರ ಸಮ ಎಂದು ಬರೆದರೆ ಸೂತ್ರ ತಾನಾಗಿ ಹೊರಬರುತ್ತದೆ:

```
v  = √(GM / r)
T  = 2πr / v
ve = √(2GM / r)
```

ಮೊದಲನೆಯದು ಕಕ್ಷಾ ವೇಗ. ಬೆಲೆ ಹಾಕಿ ನೋಡಿ: 4902.8 ಅನ್ನು 1837.4ರಿಂದ ಭಾಗಿಸಿದರೆ 2.6683. ಅದರ ವರ್ಗಮೂಲ 1.6335. ಸೆಕೆಂಡಿಗೆ 1.6335 ಕಿ.ಮೀ.

ಎರಡನೆಯದು ಸುತ್ತಿನ ಅವಧಿ. ಕಕ್ಷೆಯ ಸುತ್ತಳತೆ 11,544.7 ಕಿ.ಮೀ. ಅದನ್ನು ವೇಗದಿಂದ ಭಾಗಿಸಿದರೆ 7067 ಸೆಕೆಂಡ್. ಅಂದರೆ 117.8 ನಿಮಿಷ, ಹೆಚ್ಚುಕಡಿಮೆ ಎರಡು ಗಂಟೆ.

ಉತ್ತರ ಸರಿಯೋ ತಪ್ಪೋ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಚಂದ್ರನಲ್ಲಿ ಬೆಟ್ಟಗುಡ್ಡ ಇಲ್ಲ ಎಂದುಕೊಂಡು ನೆಲವನ್ನು ಸವರಿಕೊಂಡೇ ಸುತ್ತಿದರೆ ಅವಧಿ 108.3 ನಿಮಿಷ ಬರುತ್ತದೆ. ಚಂದ್ರನ ಸುತ್ತ ಇದಕ್ಕಿಂತ ಕಮ್ಮಿ ಹೊತ್ತಿನಲ್ಲಿ ಎಂಜಿನ್ ಇಲ್ಲದೆ ಯಾವುದೂ ಸುತ್ತು ಮುಗಿಸಲಾಗದು. ನಿಮ್ಮ ಉತ್ತರ 108ಕ್ಕಿಂತ ಕೆಳಗೆ ಬಂತೆಂದರೆ ಎಲ್ಲೋ R ಕೂಡಿಸಿಲ್ಲ, ಇಲ್ಲವೇ ಕಿಲೋಮೀಟರ್ ಮತ್ತು ಮೀಟರ್ ಬೆರೆಸಿದ್ದೀರಿ.

ಗ್ರಹ ಬದಲಾದರೆ ಎರಡು ಸಂಖ್ಯೆ ಬದಲಾಯಿಸಿ, ಅಷ್ಟೇ. ಭೂಮಿಗೆ GM 3,98,600, ತ್ರಿಜ್ಯ 6371. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವ ಸುಮಾರು 400 ಕಿ.ಮೀ. ಎತ್ತರಕ್ಕೆ ಸೆಕೆಂಡಿಗೆ 7.67 ಕಿ.ಮೀ. ವೇಗ, 92 ನಿಮಿಷದ ಸುತ್ತು ಬರುತ್ತದೆ. ನಿಲ್ದಾಣ ಓಡುವ ದಾರಿ ಚಂದ್ರಯಾನದ ದಾರಿಯ ಮೂರೂವರೆ ಪಟ್ಟಿಗಿಂತ ಉದ್ದ. ಆದರೂ ಅದೇ ಮೊದಲು ಸುತ್ತು ಮುಗಿಸುತ್ತದೆ. ಚಂದ್ರನ ಎಳೆತ ಅಷ್ಟು ಮೆದು.

ಹಿಡಿಯುವುದು ಮತ್ತು ಬಿಡುವುದು

ಮೂರನೆಯದು ವಿಮೋಚನಾ ವೇಗ. ಪಾಠದಲ್ಲಿ ಇದನ್ನು ಯಾವಾಗಲೂ ತಪ್ಪಿಸಿಕೊಂಡು ಹೋಗುವ ವೇಗ ಅಂತ ಹೇಳಿಕೊಡುತ್ತೇವೆ. ಚಂದ್ರಯಾನದ ವಿಷಯದಲ್ಲಿ ಅದು ತಿರುಗುಮುರುಗಾಗಿ ಬಂತು. ನೌಕೆ ಬಿಡಿಸಿಕೊಳ್ಳಬೇಕಿರಲಿಲ್ಲ, ಸಿಕ್ಕಿಬೀಳಬೇಕಿತ್ತು.

ನವೆಂಬರ್ 8ರಂದು ನೌಕೆ ಚಂದ್ರನ ಹತ್ತಿರ, ಸುಮಾರು 500 ಕಿ.ಮೀ. ಎತ್ತರದಲ್ಲಿ ಹಾದುಹೋಗುವಂತೆ ಬಂತು. ಅಲ್ಲಿ ಎಂಜಿನ್ ಅನ್ನು 817 ಸೆಕೆಂಡ್ ಉರಿಸಿ ವೇಗ ತಗ್ಗಿಸಿದರು. ಅದಾದ ಮೇಲೆ ಸಿಕ್ಕ ಕಕ್ಷೆಯ ಹತ್ತಿರದ ತುದಿ 504 ಕಿ.ಮೀ., ದೂರದ ತುದಿ 7502 ಕಿ.ಮೀ.

504 ಕಿ.ಮೀ. ಎತ್ತರಕ್ಕೆ r = 2241.4. ಅಲ್ಲಿ ವೃತ್ತಾಕಾರವಾಗಿ ಸುತ್ತಲು ಬೇಕಾದ ವೇಗ ಸೆಕೆಂಡಿಗೆ 1.479 ಕಿ.ಮೀ. ವಿಮೋಚನಾ ವೇಗ 2.092 ಕಿ.ಮೀ. ಎರಡನೆಯದು ಮೊದಲನೆಯದರ √2 ಪಟ್ಟು, ಅಂದರೆ 1.414 ಪಟ್ಟು. ಇದು ಯಾವ ಎತ್ತರದಲ್ಲೂ ಬದಲಾಗದ ಅನುಪಾತ.

ದೂರದಿಂದ ಬರುವ ಯಾವುದೇ ನೌಕೆ ಅಲ್ಲಿಗೆ ಬರುವಾಗ 2.092ಕ್ಕಿಂತ ಜಾಸ್ತಿ ವೇಗದಲ್ಲೇ ಇರುತ್ತದೆ. ಸುಮ್ನೆ ಬಿಟ್ಟರೆ ಚಂದ್ರನ ಪಕ್ಕದಲ್ಲಿ ದಾರಿ ಸ್ವಲ್ಪ ಬಾಗಿಸಿಕೊಂಡು ಹೊರಟೇ ಹೋಗುತ್ತದೆ. ಹಾಗಾಗಿ ಆ 817 ಸೆಕೆಂಡಿನ ಕೆಲಸ ಒಂದೇ: ವೇಗವನ್ನು 2.092ರ ಕೆಳಗೆ ತರುವುದು. ಆದರೆ ಒಂದೇ ಏಟಿಗೆ 1.479ರವರೆಗೆ ಇಳಿಸಬೇಕಾಗಿಲ್ಲ. 504 ಮತ್ತು 7502ರ ಕಕ್ಷೆಯ ಲೆಕ್ಕ ಹಾಕಿದರೆ ಹತ್ತಿರದ ತುದಿಯಲ್ಲಿ ವೇಗ 1.876 ಬರುತ್ತದೆ. ವೃತ್ತದ ವೇಗಕ್ಕಿಂತ ಜಾಸ್ತಿ, ಬಿಡುವ ವೇಗಕ್ಕಿಂತ ಕಮ್ಮಿ. ಈ ಎರಡರ ನಡುವೆ ಎಲ್ಲೇ ಇದ್ದರೂ ಕಕ್ಷೆ ಉದ್ದನೆಯ ದೀರ್ಘವೃತ್ತವಾಗುತ್ತದೆ. ನೌಕೆ ದೂರ ಹೋಗುತ್ತದೆ, ಆದರೆ ವಾಪಸ್ ಬರುತ್ತದೆ. ಹೀಗೆ ಸಿಕ್ಕಿಸಿಕೊಂಡ ಮೇಲೆ ಮುಂದಿನ ನಾಲ್ಕು ದಿನಗಳಲ್ಲಿ ಹಂತ ಹಂತವಾಗಿ ಇಳಿಸಿ 100 ಕಿ.ಮೀ.ಗೆ ತಂದರು. ಈ ಆಜ್ಞೆಗಳೆಲ್ಲ ಹೊರಟದ್ದು ಬೆಂಗಳೂರಿನ ಪೀಣ್ಯದಲ್ಲಿರುವ, ನೌಕೆಗಳ ಮೇಲೆ ನಿಗಾ ಇಡುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರದಿಂದ. ಚಂದ್ರನ ಕಡೆ ಮುಖ ಮಾಡಿ ನಿಂತಿದ್ದದ್ದು ಬ್ಯಾಲಾಳು ಹಳ್ಳಿಯ 18 ಮತ್ತು 32 ಮೀಟರ್ ಆಂಟೆನಾಗಳು.

ಇಲ್ಲೊಂದು ಎಚ್ಚರ. ಚಂದ್ರನ ವಿಮೋಚನಾ ವೇಗ ಅಂತ ಪುಸ್ತಕದಲ್ಲಿ ಕೊಡುವ 2.38 ಕಿ.ಮೀ. ನೆಲದ ಮೇಲಿನದ್ದು. ಎತ್ತರ ಹೋದಂತೆ ಅದು ಕಮ್ಮಿಯಾಗುತ್ತದೆ: 100 ಕಿ.ಮೀ.ನಲ್ಲಿ 2.31, 200ರಲ್ಲಿ 2.25, 504ರಲ್ಲಿ 2.09. ನೆಲದ ಬೆಲೆಯನ್ನೇ ಮೇಲೆ ಬಳಸಿದವರು ನೌಕೆ ಸಿಕ್ಕಿಬಿತ್ತು ಅಂತ ತಿಳಿಯುತ್ತಾರೆ, ಅದು ಮಾತ್ರ ಹೊರಟುಹೋಗಿರುತ್ತದೆ. ಮೊದಲು ಹೇಳಿದ 7 ಕಿ.ಮೀ. ವೇಗದ ಉತ್ತರ ಯಾಕೆ ಸುಳ್ಳು ಅಂತ ಈಗ ಗೊತ್ತಾಯಿತಲ್ವಾ? ಅದು 2.31ರ ಮೂರು ಪಟ್ಟು.

ವೇಗ ಕೊಟ್ಟರೆ ನಿಧಾನ ಆಗುವುದು

2009ರ ಮೇ 19ರಂದು ಕಕ್ಷೆಯನ್ನು 100ರಿಂದ 200 ಕಿ.ಮೀ.ಗೆ ಏರಿಸಿದರು. ಚಂದ್ರನ ಗುರುತ್ವದ ಏರುಪೇರುಗಳನ್ನು ಇನ್ನಷ್ಟು ನೋಡಲು, ಒಂದೇ ಸಲಕ್ಕೆ ಅಗಲವಾದ ನೆಲದ ಚಿತ್ರ ತೆಗೆಯಲು ಇದು ಅನುಕೂಲ ಎಂದು ಇಸ್ರೋ ಆಗ ತಿಳಿಸಿತ್ತು. ದಿಕ್ಕು ತಿಳಿಯಲು ನಕ್ಷತ್ರಗಳನ್ನು ನೋಡುವ ಸಂವೇದಕ ಅಷ್ಟರಲ್ಲಿ ಕೆಟ್ಟಿತ್ತು, ನೌಕೆ ಗೈರೋಸ್ಕೋಪ್‌ಗಳ ನೆರವಿನಿಂದ ನಡೆಯುತ್ತಿತ್ತು.

200 ಕಿ.ಮೀ.ಗೆ ಲೆಕ್ಕ ಮಾಡಿ. r = 1937.4. ವೇಗ ಸೆಕೆಂಡಿಗೆ 1.5908 ಕಿ.ಮೀ. ಅವಧಿ 7652 ಸೆಕೆಂಡ್, ಅಂದರೆ 127.5 ನಿಮಿಷ. ಕಕ್ಷೆ ನೂರು ಕಿಲೋಮೀಟರ್ ಮೇಲೆ ಹೋಯಿತು, ಸುತ್ತು ಸುಮಾರು ಹತ್ತು ನಿಮಿಷ ಉದ್ದವಾಯಿತು. ವೇಗ ಸೆಕೆಂಡಿಗೆ 42.7 ಮೀಟರ್ ಕಮ್ಮಿಯಾಯಿತು.

ತರಗತಿಯಲ್ಲಿ ಇಲ್ಲಿಗೆ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ್ದಳು: "ಸಾರ್, ಮೇಲಕ್ಕೆ ಹೋಗೋಕೆ ಎಂಜಿನ್ ಹಾಕಿ ಮುಂದಕ್ಕೆ ತಳ್ಳಿದ್ರು ಅಲ್ವಾ? ಮತ್ತೆ ಸ್ಪೀಡ್ ಹೇಗೆ ಕಮ್ಮಿ ಆಯ್ತು?" ಆ ದಿನದ ಪಾಠದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಬರಲಿಲ್ಲ. ಉತ್ತರವನ್ನು ಅಂಕಿಗಳಲ್ಲೇ ನೋಡೋಣ.

ಅತಿ ಕಮ್ಮಿ ಇಂಧನದ ದಾರಿ ಅಂದರೆ ಎರಡು ತಳ್ಳುಗಳ ದಾರಿ. 100 ಕಿ.ಮೀ.ನಲ್ಲಿ ಮೊದಲ ತಳ್ಳು. ವೇಗ 1633.5 ಮೀಟರ್‌ನಿಂದ 1655.0ಕ್ಕೆ ಏರುತ್ತದೆ. 21.5 ಮೀಟರ್ ಜಾಸ್ತಿ. ಈಗ ನೌಕೆ ಆ ಎತ್ತರಕ್ಕೆ ಬೇಕಾದದ್ದಕ್ಕಿಂತ ವೇಗವಾಗಿದೆ. ಹಾಗಾಗಿ ಬೀಳುವುದಕ್ಕಿಂತ ಬಾಗು ಜಾಸ್ತಿ ಜಾರುತ್ತದೆ, ನೌಕೆ ಮೇಲೇರುತ್ತದೆ. ಮೇಲೆ ಎಸೆದ ಚೆಂಡಿನ ಹಾಗೆ ಏರುತ್ತ ಏರುತ್ತ ಅದು ವೇಗ ಕಳೆದುಕೊಳ್ಳುತ್ತದೆ. ಅರ್ಧ ಸುತ್ತಿನ ನಂತರ 200 ಕಿ.ಮೀ. ಮುಟ್ಟುವ ಹೊತ್ತಿಗೆ ಅದರ ವೇಗ 1569.6 ಮೀಟರ್. ಅಲ್ಲಿಗೆ ಬೇಕಾದದ್ದು 1590.8. ಸುಮ್ನೆ ಬಿಟ್ಟರೆ ಮತ್ತೆ ಕೆಳಗಿಳಿಯುತ್ತದೆ. ಆಗ ಎರಡನೇ ತಳ್ಳು, 21.2 ಮೀಟರ್. ಈಗ ಕಕ್ಷೆ ಮತ್ತೆ ವೃತ್ತ.

ಎರಡೂ ತಳ್ಳು ಕೂಡಿಸಿ: 42.7. ಕೊನೆಗೆ ಕಮ್ಮಿಯಾದ ವೇಗವೂ 42.7. ಎಂಜಿನ್ ಕೊಟ್ಟ ವೇಗದಷ್ಟೇ ನೌಕೆ ನಿಧಾನವಾಗಿದೆ. ಮೊದಲ ಸಲ ಈ ಲೆಕ್ಕ ಮಾಡಿದಾಗ ಎಲ್ಲೋ ತಪ್ಪಿದ್ದೇನೆ ಅಂದುಕೊಂಡು ಎರಡು ಸಲ ತಿರುಗಿ ಮಾಡಿದ್ದೆ. ತಪ್ಪಿರಲಿಲ್ಲ. ಎತ್ತರದ ಬದಲಾವಣೆ ಸಣ್ಣದಾಗಿದ್ದಾಗ ಈ ಎರಡು ಸಂಖ್ಯೆಗಳು ಹೀಗೆ ಒಂದಾಗುತ್ತವೆ. ಏರುವ ದಾರಿಯಲ್ಲಿ ಗುರುತ್ವ ಕಿತ್ತುಕೊಳ್ಳುವ ವೇಗ, ಎಂಜಿನ್ ಕೊಟ್ಟದ್ದರ ಎರಡರಷ್ಟು. (ನಿಜವಾದ ದಿನ ಎಂಜಿನ್ ಉರಿದ ಕ್ರಮ ಇದೇ ಅಂತ ನಾನು ಹೇಳುತ್ತಿಲ್ಲ. ಇದು ಆದರ್ಶ ದಾರಿಯ ಲೆಕ್ಕ.)

ಮೌನ

ಆಗಸ್ಟ್ 29ರ ನಸುಕಿಗೆ ಮುಂಚೆ, 1 ಗಂಟೆ 30 ನಿಮಿಷದ ಸುಮಾರಿಗೆ ನೌಕೆಯ ಜೊತೆಗಿನ ರೇಡಿಯೋ ಸಂಪರ್ಕ ಕಡಿಯಿತು. ಹಾರಿದ ದಿನದಿಂದ 312 ದಿನ ಆಗಿತ್ತು. ಅಷ್ಟರಲ್ಲಿ ಅದು ಚಂದ್ರನಿಗೆ 3400ಕ್ಕೂ ಹೆಚ್ಚು ಸುತ್ತು ಹಾಕಿತ್ತು ಎಂದು ಇಸ್ರೋ ಹೇಳಿತು.

ಈ 3400 ಅನ್ನು ನಾವೇ ತಾಳೆ ನೋಡಬಹುದು. ನವೆಂಬರ್ 12ರಿಂದ ಮೇ 19ರವರೆಗೆ 188 ದಿನ, ದಿನಕ್ಕೆ 12.2 ಸುತ್ತು. ಅಲ್ಲಿಂದ ಆಗಸ್ಟ್ 29ರವರೆಗೆ 102 ದಿನ, ದಿನಕ್ಕೆ 11.3 ಸುತ್ತು. ಒಟ್ಟು ಸುಮಾರು 3450. ಮೂರು ಸಾಲಿನ ಸೂತ್ರದಿಂದ ಬಂದ ಉತ್ತರ ಇಸ್ರೋ ಮಾತಿನ ಜೊತೆ ಕೂಡಿಕೊಂಡಿತು.

ಸಂಪರ್ಕ ಇಲ್ಲದ ನೌಕೆಗೆ ಮೂರು ಗತಿ ಸಾಧ್ಯ: ಹೊರಟುಹೋಗುವುದು, ಬೀಳುವುದು, ಸುತ್ತುತ್ತಲೇ ಇರುವುದು. ಮೊದಲನೆಯದನ್ನು ಲೆಕ್ಕವೇ ತಳ್ಳಿಹಾಕುತ್ತದೆ. 200 ಕಿ.ಮೀ.ನಲ್ಲಿ ವಿಮೋಚನಾ ವೇಗ 2.25, ನೌಕೆಯ ವೇಗ 1.59. ಸೆಕೆಂಡಿಗೆ 660 ಮೀಟರ್ ಕೊರತೆ. ಅಷ್ಟನ್ನು ಕೊಡಲು ಅಲ್ಲಿ ಏನೂ ಇಲ್ಲ.

ಎರಡನೆಯದು ಮಾತ್ರ ನಿಜವಾದ ಭಯ. ಚಂದ್ರನಲ್ಲಿ ಗಾಳಿ ಇಲ್ಲ, ಹಾಗಾಗಿ ಉಜ್ಜಿ ನಿಧಾನವಾಗುವ ಚಿಂತೆ ಇಲ್ಲ. ಆದರೆ ಚಂದ್ರನ ಒಳಗೆ ಅಲ್ಲಲ್ಲಿ ದಟ್ಟವಾದ ಗಡ್ಡೆಗಳಿವೆ. ಅವು ಇರುವ ಕಡೆ ಎಳೆತ ಜಾಸ್ತಿ. ಪ್ರತಿ ಸಲ ಮೇಲೆ ಹಾದುಹೋಗುವಾಗಲೂ ನೌಕೆಯನ್ನು ಸ್ವಲ್ಪ ಸ್ವಲ್ಪ ಜಗ್ಗಿ ಕಕ್ಷೆಯ ಆಕಾರ ಕೆಡಿಸುತ್ತವೆ. ವೃತ್ತ ಉದ್ದವಾಗುತ್ತ ಹೋಗಿ ಒಂದು ತುದಿ ನೆಲ ಮುಟ್ಟಿದರೆ ಮುಗಿಯಿತು. 1972ರಲ್ಲಿ ಅಪೋಲೊ 16ರವರು ಬಿಟ್ಟ ಪುಟ್ಟ ಉಪಗ್ರಹ ಸುಮಾರು 100 ಕಿ.ಮೀ. ಎತ್ತರದಲ್ಲಿತ್ತು. ಐದೇ ವಾರದಲ್ಲಿ ಬಿತ್ತು. ನಮ್ಮ ಮೂರು ಸೂತ್ರಗಳಲ್ಲಿ ಈ ಗಡ್ಡೆಗಳ ಲೆಕ್ಕ ಇಲ್ಲ. ಅವು ಚಂದ್ರನನ್ನು ಸಮವಾದ ಚೆಂಡು ಅಂತ ನಂಬುತ್ತವೆ. ಅದು ಅವುಗಳ ಮಿತಿ.

ಎತ್ತರ ಜಾಸ್ತಿಯಾದಂತೆ ಗಡ್ಡೆಗಳ ಜಗ್ಗಾಟ ಬೇಗ ಮಂಕಾಗುತ್ತದೆ. 2009ರ ಮೇ ತಿಂಗಳ ಆ ನೂರು ಕಿಲೋಮೀಟರ್ ಏರಿಕೆ ಚಂದ್ರಯಾನಕ್ಕೆ ನೆರವಾಗಿರಬೇಕು ಎಂದೇ ನನ್ನ ಅನಿಸಿಕೆ.

ಧ್ರುವದ ಬಾಗಿಲಲ್ಲಿ ಕಾಯುವುದು

ನೌಕೆ ಸುತ್ತುತ್ತಲೇ ಇದೆ ಅಂತಿಟ್ಟುಕೊಳ್ಳೋಣ. ಕಕ್ಷೆಯ ಉದ್ದಗಲ ಗೊತ್ತು, ಓರೆ ಗೊತ್ತು. ಆದರೆ ಈ ಹೊತ್ತಿಗೆ ಆ ದಾರಿಯಲ್ಲಿ ಎಲ್ಲಿದೆ? ಉತ್ತರ ಧ್ರುವದ ಮೇಲೋ, ಮಧ್ಯರೇಖೆಯ ಮೇಲೋ, ಚಂದ್ರನ ಬೆನ್ನ ಹಿಂದೋ? ಏಳು ವರ್ಷದ ನಂತರ ಅದನ್ನು ಹೇಳುವುದು ಕಷ್ಟ.

ಎಷ್ಟು ಕಷ್ಟ ಅಂತ ಲೆಕ್ಕ ಹಾಕೋಣ. 2009ರ ಆಗಸ್ಟ್ 29ರಿಂದ 2016ರ ಜುಲೈ 2ರವರೆಗೆ 2499 ದಿನ. ಸುತ್ತಿಗೆ 7652 ಸೆಕೆಂಡಿನಂತೆ ಅದು ಸುಮಾರು 28,200 ಸುತ್ತು. ಈಗ ನಿಮ್ಮ ಅವಧಿಯ ಲೆಕ್ಕ ಒಂದು ಸೆಕೆಂಡ್ ತಪ್ಪಿದೆ ಅಂದುಕೊಳ್ಳಿ. ಪ್ರತಿ ಸುತ್ತಿಗೂ ಒಂದು ಸೆಕೆಂಡ್ ಸೇರುತ್ತ ಹೋಗುತ್ತದೆ. ಕೊನೆಗೆ 28,200 ಸೆಕೆಂಡ್, ಹತ್ತಿರ ಹತ್ತಿರ ಎಂಟು ಗಂಟೆ. ಮೂರೂವರೆ ಸುತ್ತಿಗಿಂತ ಜಾಸ್ತಿ ಗೊಂದಲ.

ಆ ದಿನ ಧ್ರುವವನ್ನು ಆರಿಸಿಕೊಂಡದ್ದು ಇದಕ್ಕೇ. ನೌಕೆಯ ಕಕ್ಷೆ ಧ್ರುವಗಳ ಮೇಲೆ ಹಾದುಹೋಗುತ್ತದೆ. ದಾರಿಯಲ್ಲಿ ಎಲ್ಲೇ ಇರಲಿ, ಪ್ರತಿ ಸುತ್ತಿನಲ್ಲೂ ಒಂದು ಸಲ ಉತ್ತರ ಧ್ರುವದ ಮೇಲೆ ಬರಲೇಬೇಕು. ಬಸ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೂ ನಿಲ್ದಾಣದಲ್ಲಿ ನಿಂತರೆ ಸಿಕ್ಕೇ ಸಿಗುತ್ತದೆ, ಹಾಗೆ. ಎಷ್ಟು ಹೊತ್ತು ಕಾಯಬೇಕು? ಹೆಚ್ಚೆಂದರೆ ಒಂದು ಸುತ್ತಿನ ಹೊತ್ತು, 128 ನಿಮಿಷ. ನಾಲ್ಕು ಗಂಟೆ ಅಂದರೆ 240 ನಿಮಿಷ ಕಾದರೆ ಒಂದು ಸಲ ಖಂಡಿತ, ಬಹುಪಾಲು ಎರಡು ಸಲ.

ಎರಡು ಸಲ ಸಿಗುವುದರಲ್ಲೇ ಸಾರ ಇದೆ. ಒಂದು ಸಲ ಸಿಕ್ಕರೆ ಅದು ಏನೋ ಒಂದು ವಸ್ತು, ಅಷ್ಟೇ. ಎರಡು ಸಲ ಸಿಕ್ಕರೆ ನಡುವಿನ ಸಮಯ ಸಿಗುತ್ತದೆ. ಸಮಯ ಸಿಕ್ಕರೆ ಸೂತ್ರವನ್ನು ಹಿಂದುಮುಂದಾಗಿ ಓಡಿಸಬಹುದು:

```
r = ∛(GM·T² / 4π²)
```

2 ಗಂಟೆ 8 ನಿಮಿಷ ಅಂದರೆ 7680 ಸೆಕೆಂಡ್. ವರ್ಗ ಮಾಡಿ, 4902.8ರಿಂದ ಗುಣಿಸಿ, 39.478ರಿಂದ ಭಾಗಿಸಿ, ಘನಮೂಲ ತೆಗೆಯಿರಿ. 1942 ಕಿ.ಮೀ. ಚಂದ್ರನ ತ್ರಿಜ್ಯ ಕಳೆದರೆ ಎತ್ತರ ಸುಮಾರು 205 ಕಿ.ಮೀ. ಅವಧಿಯನ್ನು ಹತ್ತಿರದ ನಿಮಿಷಕ್ಕೆ ಹೇಳಿರುವುದರಿಂದ ಐದು ಕಿಲೋಮೀಟರ್ ಆಚೀಚೆ ಇರಬಹುದು. ಮೇ ತಿಂಗಳಲ್ಲಿ ಏರಿಸಿ ಬಿಟ್ಟ 200 ಕಿ.ಮೀ. ಕಕ್ಷೆಯೇ ಅದು.

ಆದರೆ ಕಿರಣ ಬಿಟ್ಟಿದ್ದದ್ದು 160 ಕಿ.ಮೀ. ಎತ್ತರಕ್ಕೆ, ಅಲ್ವಾ? ಲೆಕ್ಕದಲ್ಲಿ ಬಂದದ್ದು 205. ಇದು ವಿರೋಧ ಅಲ್ಲ. ಅವಧಿ ಹೇಳುವುದು ಕಕ್ಷೆಯ ಸರಾಸರಿ ಅಳತೆಯನ್ನು. ಗಡ್ಡೆಗಳ ಜಗ್ಗಾಟದಿಂದ ಕಕ್ಷೆ ಈಗ ಪಕ್ಕಾ ವೃತ್ತವಲ್ಲ. ಒಂದು ಕಡೆ ತಗ್ಗಿದರೆ ಇನ್ನೊಂದು ಕಡೆ ಉಬ್ಬಿರುತ್ತದೆ. ದೀರ್ಘವೃತ್ತಕ್ಕೂ ಇದೇ ಅವಧಿಯ ಸೂತ್ರ ನಡೆಯುತ್ತದೆ, r ಜಾಗದಲ್ಲಿ ಅದರ ಉದ್ದನೆಯ ವ್ಯಾಸದ ಅರ್ಧ ಹಾಕಬೇಕು. ವೇಗದ ಸೂತ್ರಕ್ಕೆ ಆ ರಿಯಾಯಿತಿ ಇಲ್ಲ. ತಗ್ಗಿನಲ್ಲಿ ವೇಗ ಜಾಸ್ತಿ, ಉಬ್ಬಿನಲ್ಲಿ ಕಮ್ಮಿ. ಕಕ್ಷೆ ಕೆಟ್ಟರೂ ಅವಧಿ ಮಾತ್ರ ನಂಬಿಕೆಗೆ ಉಳಿಯುವುದು ಇದರಿಂದಲೇ.

ಸಿಕ್ಕ ನೌಕೆ ದಾರಿಯಲ್ಲಿ ಎಲ್ಲಿತ್ತು? 2009ರ ಹಳೆಯ ಕಕ್ಷೆಯ ಅಂದಾಜನ್ನು ಮುಂದಕ್ಕೆ ಓಡಿಸಿದರೆ ಬರುವ ಜಾಗಕ್ಕಿಂತ ಸುಮಾರು 180 ಡಿಗ್ರಿ, ಅಂದರೆ ಅರ್ಧ ಸುತ್ತು ಆಚೆ. ಚಂದ್ರನ ಸರಿಯಾಗಿ ಎದುರು ಬದಿಯಲ್ಲಿ! ಉಳಿದಂತೆ ಕಕ್ಷೆಯ ಆಕಾರ, ಓರೆ ನಿರೀಕ್ಷೆಯಂತೆಯೇ ಇತ್ತು.

ಅರ್ಧ ಸುತ್ತು ಅಂದರೆ ದೊಡ್ಡ ತಪ್ಪು ಅನ್ನಿಸುತ್ತದೆ. ಲೆಕ್ಕ ಮಾಡಿ ನೋಡಿ. ತಪ್ಪು ಅರ್ಧ ಸುತ್ತಷ್ಟೇ ಎಂದುಕೊಂಡರೆ, ಅದನ್ನು 28,200 ಸುತ್ತುಗಳಿಗೆ ಹಂಚಿ. ಅವಧಿಯಲ್ಲಿ ಸುತ್ತಿಗೆ 0.136 ಸೆಕೆಂಡ್ ವ್ಯತ್ಯಾಸ. ಕಣ್ಣು ಮಿಟುಕಿಸುವಷ್ಟು ಹೊತ್ತು. ಅದನ್ನು ಎತ್ತರಕ್ಕೆ ತಿರುಗಿಸಿದರೆ? ಅವಧಿಯ ವ್ಯತ್ಯಾಸದ ಪಾಲಿನ ಮೂರರಲ್ಲಿ ಎರಡು ಭಾಗ r ನಲ್ಲಿ ಕಾಣಿಸುತ್ತದೆ. 19,37,400 ಮೀಟರ್‌ನಲ್ಲಿ ಅದು ಸುಮಾರು 23 ಮೀಟರ್. ಸರಾಸರಿ ಎತ್ತರ ಇಪ್ಪತ್ತಮೂರು ಮೀಟರ್ ಆಚೀಚೆ ಆದರೆ ಸಾಕು, ಏಳು ವರ್ಷಕ್ಕೆ ನೌಕೆ ಚಂದ್ರನ ಈ ಬದಿ ಇರುವ ಬದಲು ಆ ಬದಿ ಇರುತ್ತದೆ.

ಎರಡು ಸಲ ಕಂಡದ್ದನ್ನೇ ನಂಬಿ ಅವರು ಕೂರಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ಇನ್ನೂ ಏಳು ಸಲ ಅದೇ ನೌಕೆಯ ಪ್ರತಿಧ್ವನಿ ಹಿಡಿದರು, ಪೋರ್ಟೊ ರಿಕೊದ ಅರೆಸಿಬೊ ಆಂಟೆನಾವನ್ನೂ ಬಳಸಿದರು. ಪ್ರತಿ ಸಲವೂ ಹೊಸ ಲೆಕ್ಕ ಹೇಳಿದ ಕಡೆಯೇ ಅದು ಇತ್ತು. 2017ರ ಮಾರ್ಚ್‌ನಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ ಈ ಸುದ್ದಿ ಪ್ರಕಟಿಸಿತು. ಆ ವರ್ಷದ ತರಗತಿಯಲ್ಲಿ ಮಕ್ಕಳು 7680ರ ಘನಮೂಲದ ಲೆಕ್ಕವನ್ನು ಅವರೇ ಮಾಡಿದರು. ಬೋರ್ಡಿನ ಮೇಲೆ 205 ಬಂದಾಗ ಹಿಂದಿನ ಬೆಂಚಿನಿಂದ ಯಾರೋ "ಸಾರ್, ಅದೇ!" ಅಂತ ಕೂಗಿದರು.